ಫೋಟೋದಲ್ಲಿ ಬಂದ ಕರೆಂಟ್ ಬಿಲ್: ಒಂದು ತಿಂಗಳ ಹೆಸರಿನಲ್ಲಿ ಎರಡು ತಿಂಗಳ ಲೆಕ್ಕ

(ಶಿವಮೊಗ್ಗದಲ್ಲಿ ವಿದ್ಯುತ್ ಗ್ರಾಹಕರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಹಿರಿಯರಿಗೂ ಸ್ನೇಹಿತರಿಗೂ ನಮಸ್ಕಾರ. ಕರೆಂಟ್ ಬಿಲ್ಲಿನಲ್ಲಿರುವ ಎಲ್ಲ ಸಾಲುಗಳನ್ನೂ ಈ ಹೊತ್ತು ವಿವರಿಸಲು ನಾನು ಹೊರಟಿಲ್ಲ. ನಮ್ಮ ಮಲೆನಾಡಿನ ಮನೆಗಳಲ್ಲಿ, ಅದರಲ್ಲೂ ಮಳೆಗಾಲ ಕಳೆಯುವ ಹೊತ್ತಿಗೆ, ಹೆಚ್ಚು ಗಾಬರಿ ಹುಟ್ಟಿಸುವ ಒಂದು ಬಗೆಯ ಬಿಲ್ಲನ್ನು ಮಾತ್ರ ತೆಗೆದುಕೊಂಡು, ಅದನ್ನು ಮೊದಲ ಅಂಕಿಯಿಂದ ಕೊನೆಯ ಅಂಕಿಯವರೆಗೆ ಓದುವುದು ಹೇಗೆಂದು ನೋಡೋಣ. ಊರಿನಲ್ಲಿರುವ ತಂದೆಯೋ ತಾಯಿಯೋ ಬಿಲ್ಲಿನ ಫೋಟೋ ತೆಗೆದು ಬೆಂಗಳೂರಿನಲ್ಲಿರುವ ಮಗನಿಗೋ ಮಗಳಿಗೋ ವಾಟ್ಸಾಪ್‌ನಲ್ಲಿ ಕಳುಹಿಸುತ್ತಾರೆ. ಪ್ರತಿ ತಿಂಗಳೂ ಸೊನ್ನೆ ಬರುತ್ತಿದ್ದ ಬಿಲ್ಲಿನಲ್ಲಿ ಈ ಸಲ ಸಾವಿರದ ಎಂಟುನೂರಕ್ಕೂ ಹೆಚ್ಚು ರೂಪಾಯಿ ಬಂದಿರುತ್ತದೆ. ಆ ಕಡೆಯಿಂದ ಮಕ್ಕಳು ಫೋಟೋವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿ, ಕೆಳಗಿನ ಮೊತ್ತವನ್ನಷ್ಟೇ ಓದಿ, ‘ಅಪ್ಪಾ, ಗೀಸರ್ ಹಾಕಿ ಮರೆತಿದ್ರಾ?’ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕೆಳಗಿನ ಮೊತ್ತದಲ್ಲಿ ಸಿಗುವುದಿಲ್ಲ. ಮೇಲಿನ ಅರ್ಧ ಭಾಗದಲ್ಲಿ ಅಚ್ಚಾಗಿರುವ ರೀಡಿಂಗ್‌ಗಳಲ್ಲೂ ದಿನಾಂಕಗಳಲ್ಲೂ ಸಿಗುತ್ತದೆ.

ಫೋಟೋದ ವಿಷಯವನ್ನೇ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅರ್ಧದಷ್ಟು ಗೊಂದಲ ಅಲ್ಲಿಯೇ ಹುಟ್ಟುತ್ತದೆ. ಮೀಟರ್ ರೀಡರ್ ಸ್ಥಳದಲ್ಲೇ ಕೈಯಂತ್ರದಿಂದ ತೆಗೆದುಕೊಡುವ ಚೀಟಿಯ ಅಕ್ಷರಗಳು ಶಾಯಿಯಿಂದ ಮೂಡಿದವಲ್ಲ. ಬಿಸಿ ತಾಗಿದಾಗ ಕಪ್ಪಾಗುವ ಕಾಗದದ ಮೇಲೆ ಮೂಡಿದವು. ಅಡುಗೆಮನೆಯ ಒಲೆಯ ಹತ್ತಿರ ಸಿಕ್ಕಿಸಿಟ್ಟರೆ ಬಿಸಿಗೆ ಕಾಗದವೇ ಕಪ್ಪಾಗುತ್ತದೆ. ದಿನ ಕಳೆದಂತೆ ಅಕ್ಷರಗಳು ತಾವಾಗಿಯೇ ಮಾಸುತ್ತವೆ. ಆದ್ದರಿಂದ ಬಿಲ್ ಕೈಗೆ ಬಂದ ದಿನವೇ ಫೋಟೋ ತೆಗೆದಿಡುವುದು ಒಳ್ಳೆಯ ರೂಢಿ. ಚೀಟಿಯನ್ನು ಮೇಜಿನ ಮೇಲೆ ಸುಕ್ಕಿಲ್ಲದಂತೆ ಹರಡಿ, ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಹಾಕದೆ, ತಲೆಯಿಂದ ಬುಡದವರೆಗೆ ಇಡೀ ಚೀಟಿ ಬರುವಂತೆ ತೆಗೆಯಬೇಕು. ಆ ಕಾಗದಕ್ಕೆ ಹೊಳಪಿರುವುದರಿಂದ ಫ್ಲ್ಯಾಶ್ ಹಾಕಿದರೆ ನಡುವಿನ ಸಾಲುಗಳೇ ಬಿಳುಚಿಕೊಂಡು ಹೋಗುತ್ತವೆ, ರೀಡಿಂಗ್ ಇರುವುದೂ ಹೆಚ್ಚಾಗಿ ಆ ನಡುವಿನಲ್ಲೇ. ಕಟ್ಟಬೇಕಾದ ಮೊತ್ತವಿರುವ ಕೆಳಭಾಗವನ್ನಷ್ಟೇ ಕತ್ತರಿಸಿ ಕಳುಹಿಸಿದರೆ ಅದನ್ನಿಟ್ಟುಕೊಂಡು ಯಾರೂ ಏನನ್ನೂ ಪರೀಕ್ಷಿಸಲಾರರು.

ಈಗ ಬಿಲ್ಲಿಗೆ ಬರೋಣ. ಹೊಸನಗರ ತಾಲ್ಲೂಕಿನ ಒಂದು ಒಂಟಿಮನೆ ಎಂದು ಇಟ್ಟುಕೊಳ್ಳೋಣ. ಮನೆಯೂ ರೀಡಿಂಗ್‌ಗಳೂ ಉದಾಹರಣೆಗಾಗಿ ನಾನು ಜೋಡಿಸಿಕೊಂಡವು, ದರಗಳು ಮಾತ್ರ 2025-26ನೇ ಸಾಲಿಗೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಗೃಹಬಳಕೆಗೆ ನಿಗದಿ ಮಾಡಿದವು. ಮಂಜೂರಾದ ಲೋಡ್ 3 ಕಿಲೋವ್ಯಾಟ್. ಗೃಹಜ್ಯೋತಿಗೆ ನೋಂದಣಿಯಾಗಿದೆ. 2022-23ರಲ್ಲಿ ಈ ಮನೆಯ ತಿಂಗಳ ಸರಾಸರಿ ಬಳಕೆ 100 ಯೂನಿಟ್ ಇತ್ತು. ಅದಕ್ಕೆ ಶೇಕಡಾ 10 ಸೇರಿಸಿ ತಿಂಗಳಿಗೆ 110 ಯೂನಿಟ್ ಉಚಿತದ ಅರ್ಹತೆ ಸಿಕ್ಕಿದೆ. ಈಚಿನ ತಿಂಗಳುಗಳಲ್ಲಿ ಬಳಕೆ 105 ಯೂನಿಟ್ ಆಸುಪಾಸಿನಲ್ಲಿದ್ದುದರಿಂದ ಬಿಲ್ ಸೊನ್ನೆಯೇ ಬರುತ್ತಿತ್ತು.

ಆಗಸ್ಟ್ 5ರ ಬಿಲ್ಲಿನ ಫೋಟೋ ಬಂದಿದೆ. ಅದರಲ್ಲಿ ಹಿಂದಿನ ರೀಡಿಂಗ್ 4318, ಇಂದಿನ ರೀಡಿಂಗ್ 4532, ಬಳಕೆ 214 ಯೂನಿಟ್ ಎಂದಿದೆ. ವಿದ್ಯುತ್ ಶುಲ್ಕ 1241.20 ರೂಪಾಯಿ, ನಿಗದಿತ ಶುಲ್ಕ 435 ರೂಪಾಯಿ, ಪಿಂಚಣಿ ಮತ್ತು ಗ್ರಾಚ್ಯುಟಿ ಸರ್ಚಾರ್ಜ್ 77.04 ರೂಪಾಯಿ, ತೆರಿಗೆ 111.71 ರೂಪಾಯಿ, ಒಟ್ಟು 1864.95, ದುಂಡಾಗಿ 1865 ರೂಪಾಯಿ. ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಎಂಬ ಇನ್ನೊಂದು ಸಾಲು ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಈ ಲೆಕ್ಕದಲ್ಲಿ ಅದನ್ನು ಸೇರಿಸಿಕೊಂಡಿಲ್ಲ. ನಿಮ್ಮ ಬಿಲ್ಲಿನಲ್ಲಿ ಅದು ಕೂಡಬಹುದು, ಕೆಲವು ತಿಂಗಳು ಕಳೆಯಲೂಬಹುದು.

ಫೋಟೋ ಮಸುಕಾಗಿದ್ದಾಗ ಅಂಕಿಗಳನ್ನು ಖಚಿತಪಡಿಸಿಕೊಳ್ಳುವ ದಾರಿ ಆ ಬಿಲ್ಲಿನೊಳಗೇ ಇದೆ. ಇಂದಿನ ರೀಡಿಂಗ್‌ನ ಮೂರನೆಯ ಅಂಕಿ 3 ಇದ್ದೀತೋ 8 ಇದ್ದೀತೋ, ಅಂದರೆ 4532ರೋ 4582ರೋ ಎಂಬುದು ಕಣ್ಣಿಗೆ ಕಾಣಿಸುತ್ತಿಲ್ಲ ಎನ್ನಿ. 4582 ಆಗಿದ್ದರೆ ಅದರಲ್ಲಿ 4318 ಕಳೆದಾಗ 264 ಯೂನಿಟ್ ಬರಬೇಕಿತ್ತು. ವಿದ್ಯುತ್ ಶುಲ್ಕದ ಸಾಲಿನಲ್ಲಿ 1241.20 ಎಂದು ಓದಲು ಬರುತ್ತಿದೆ. ಅದನ್ನು ಯೂನಿಟ್ ದರವಾದ 5.80ರಿಂದ ಭಾಗಿಸಿದರೆ ಸರಿಯಾಗಿ 214 ಬರುತ್ತದೆ. ಹಾಗಾಗಿ ಅಲ್ಲಿರುವುದು 4532 ಎಂಬುದು ನಿಶ್ಚಯ. ಮೂರು ಸಾಲುಗಳಲ್ಲಿ ಎರಡು ಸ್ಪಷ್ಟವಾಗಿದ್ದರೆ ಸಾಕು, ಮೂರನೆಯದನ್ನು ಲೆಕ್ಕ ಹಾಕಿ ತೆಗೆಯಬಹುದು. ಫೋಟೋ ಸರಿಯಿಲ್ಲವೆಂದು ವಯಸ್ಸಾದವರನ್ನು ಮತ್ತೆ ಮತ್ತೆ ಕಾಡುವ ಮೊದಲು ಈ ಭಾಗಾಕಾರ ಮಾಡಿ ನೋಡಿ ಎಂದು ಮಕ್ಕಳಲ್ಲಿ ಕೇಳಿಕೊಳ್ಳುತ್ತೇನೆ.

ಸಾಲುಗಳ ಅರ್ಥಕ್ಕೆ ಬಂದರೆ, ನಿಗದಿತ ಶುಲ್ಕ ನೀವು ಎಷ್ಟು ಯೂನಿಟ್ ಬಳಸಿದಿರಿ ಎಂಬುದನ್ನು ಅವಲಂಬಿಸಿಲ್ಲ. ಮಂಜೂರಾದ ಲೋಡ್‌ನ ಪ್ರತಿ ಕಿಲೋವ್ಯಾಟ್‌ಗೆ 145 ರೂಪಾಯಿಯಂತೆ, 3 ಕಿಲೋವ್ಯಾಟ್‌ಗೆ 435 ರೂಪಾಯಿ. ಗೃಹಜ್ಯೋತಿಯ ವ್ಯಾಪ್ತಿಗೆ ಬಾರದ ಎರಡನೆಯ ಮನೆಯೊಂದನ್ನು ಬೀಗ ಹಾಕಿಟ್ಟು, ತಿಂಗಳಿಡೀ ಒಂದು ಬಲ್ಬನ್ನೂ ಉರಿಸದಿದ್ದರೂ ಈ ಸಾಲು ಬಂದೇ ಬರುತ್ತದೆ. ಹಳೆಯ ದೊಡ್ಡ ಮನೆಗಳಲ್ಲಿ, ಒಂದು ಕಾಲಕ್ಕೆ ಕೂಡುಕುಟುಂಬವಿದ್ದಾಗ ಪಡೆದ ಲೋಡ್ ಹಾಗೆಯೇ ಉಳಿದು, ಈಗ ಇಬ್ಬರೇ ವೃದ್ಧರಿರುವ ಕಡೆ ಈ ಸಾಲನ್ನು ಗಮನಿಸಿ ನೋಡಬೇಕು. ಲೋಡ್ ಕಡಿಮೆ ಮಾಡಿಸಲು ಅರ್ಜಿ ಕೊಡಲು ಅವಕಾಶವಿದೆ. ಪಿಂಚಣಿ ಮತ್ತು ಗ್ರಾಚ್ಯುಟಿ ಸರ್ಚಾರ್ಜ್ ಯೂನಿಟ್‌ಗೆ 36 ಪೈಸೆ. ತೆರಿಗೆ ವಿದ್ಯುತ್ ಶುಲ್ಕದ ಶೇಕಡಾ 9.

ಇನ್ನು ದರದ ಹಂತಗಳು, ಅಂದರೆ ಸ್ಲ್ಯಾಬ್. ಈ ವಿಷಯದಲ್ಲಿ ಹಳೆಯ ನೆನಪು ಜನರನ್ನು ದಾರಿ ತಪ್ಪಿಸುತ್ತದೆ. 2023-24ರಲ್ಲಿ ಗೃಹಬಳಕೆಗೆ ಎರಡು ಹಂತಗಳಿದ್ದವು: 100 ಯೂನಿಟ್‌ವರೆಗೆ ಬಳಸಿದವರಿಗೆ ಯೂನಿಟ್‌ಗೆ 4.75 ರೂಪಾಯಿ, 100 ದಾಟಿದವರಿಗೆ ಬಳಸಿದ ಅಷ್ಟೂ ಯೂನಿಟ್‌ಗೆ 7 ರೂಪಾಯಿ. ಅಂದರೆ 100 ಯೂನಿಟ್‌ಗೆ 475 ರೂಪಾಯಿ ಆಗುತ್ತಿದ್ದ ವಿದ್ಯುತ್ ಶುಲ್ಕ, 101ನೇ ಯೂನಿಟ್ ಮುಟ್ಟಿದೊಡನೆ 707 ರೂಪಾಯಿಗೆ ಏರುತ್ತಿತ್ತು. 2024ರ ಏಪ್ರಿಲ್‌ನಿಂದ ಹಂತಗಳು ಹೋಗಿ ಎಲ್ಲ ಯೂನಿಟ್‌ಗೂ ಒಂದೇ ದರ ಬಂದಿತು, ಮೊದಲು 5.90 ರೂಪಾಯಿ, 2025ರ ಏಪ್ರಿಲ್‌ನಿಂದ 5.80 ರೂಪಾಯಿ. ಮೆಸ್ಕಾಂ ವ್ಯಾಪ್ತಿಯ ನಮಗೂ ರಾಜ್ಯದ ಉಳಿದ ಭಾಗದವರಿಗೂ ಈ ಗೃಹಬಳಕೆ ದರ ಒಂದೇ. ಹಾಗಿರುವಾಗ ‘ಸ್ಲ್ಯಾಬ್ ಏರಿತು, ಅದಕ್ಕೇ ಬಿಲ್ ಹೆಚ್ಚಾಯಿತು’ ಎಂಬ ವಿವರಣೆ ಈಗಿನ ಬಿಲ್ಲಿಗೆ ಹೊಂದುವುದಿಲ್ಲ.

ಆದರೂ ಗಡಿಯೊಂದು ಉಳಿದುಕೊಂಡಿದೆ, ಅದು ದರಪಟ್ಟಿಯಲ್ಲಿಲ್ಲ, ಗೃಹಜ್ಯೋತಿ ಯೋಜನೆಯಲ್ಲಿದೆ. ಅರ್ಹತೆಯ ಮಿತಿಯೊಳಗಿದ್ದರೆ ಬಿಲ್ ಸೊನ್ನೆ. ಅರ್ಹತೆ ಮೀರಿ 200ರೊಳಗಿದ್ದರೆ ಮೀರಿದ ಯೂನಿಟ್‌ಗಳ ಹಣವನ್ನು ಕಟ್ಟಬೇಕು. ತಿಂಗಳ ಬಳಕೆ 200 ದಾಟಿತೆಂದರೆ ಆ ತಿಂಗಳು ಯೋಜನೆಯ ಲಾಭವೇ ಇಲ್ಲ, ಇಡೀ ಬಿಲ್ ಗ್ರಾಹಕರದು. ನಮ್ಮ ಉದಾಹರಣೆಯ 214 ಯೂನಿಟ್ ಬಿದ್ದಿರುವುದು ಈ ಗಡಿಯ ಆಚೆ. ಸೊನ್ನೆಯಿಂದ 1865ಕ್ಕೆ ಬಿಲ್ ಹಾರಿರುವುದಕ್ಕೆ ಕಾರಣ ಅದೊಂದೇ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಇದು: ಈ 214 ಯೂನಿಟ್ ನಿಜವಾಗಿ ಒಂದು ತಿಂಗಳ ಬಳಕೆಯೇ?

ಇದಕ್ಕೆ ಆಗಸ್ಟ್ ತಿಂಗಳ ಫೋಟೋ ಒಂದೇ ಸಾಲದು, ಜುಲೈ ತಿಂಗಳ ಬಿಲ್ಲೂ ಬೇಕು. ಸೊನ್ನೆ ಬಿಲ್ಲೆಂದು ಅದನ್ನು ಎಸೆದಿರುವವರೇ ಹೆಚ್ಚು. ನನ್ನ ಮಟ್ಟಿಗೆ ಸೊನ್ನೆ ಬಿಲ್ಲನ್ನೇ ಹೆಚ್ಚು ಜತನದಿಂದ ಇಟ್ಟುಕೊಳ್ಳಬೇಕು. ಜುಲೈ 5ರ ಆ ಬಿಲ್ಲಿನಲ್ಲಿ ಹಿಂದಿನ ರೀಡಿಂಗ್ 4318, ಇಂದಿನ ರೀಡಿಂಗೂ 4318, ಬಳಕೆ ಮಾತ್ರ 105 ಯೂನಿಟ್, ಮೀಟರ್ ಸ್ಥಿತಿ ಎಂಬಲ್ಲಿ ಬಾಗಿಲು ಹಾಕಿದೆ ಎಂಬುದನ್ನು ಸೂಚಿಸುವ ಡಿ.ಎಲ್. ಎಂಬ ಗುರುತು. ರೀಡಿಂಗ್ ಒಂದಿಷ್ಟೂ ಮುಂದೆ ಹೋಗಿಲ್ಲ, ಆದರೂ 105 ಯೂನಿಟ್ ಬಳಕೆ ಬಂದಿದೆ. ಅಂದರೆ ಜುಲೈಯಲ್ಲಿ ಯಾರೂ ಮೀಟರ್ ಓದಿಲ್ಲ. ಹಿಂದಿನ ತಿಂಗಳುಗಳ ಸರಾಸರಿಯನ್ನು ಹಾಕಿದ್ದಾರೆ.

ಇದರಲ್ಲಿ ಯಾರ ತಪ್ಪೂ ಇರಬೇಕೆಂದಿಲ್ಲ. ಮಲೆನಾಡಿನ ಒಂಟಿಮನೆಗಳಲ್ಲಿ ಹಲವು ಕಡೆ ಮೀಟರ್ ಇರುವುದು ಜಗಲಿಯ ಒಳಗಡೆ, ಬಾಗಿಲ ಪಕ್ಕದ ಗೋಡೆಯಲ್ಲಿ. ಮನೆಯವರು ತೋಟಕ್ಕೋ ನಂಟರ ಮನೆಗೋ ಹೋಗಿದ್ದರೆ ಅದು ಕಾಣಿಸುವುದಿಲ್ಲ. ಆಷಾಢದ ಮಳೆಯಲ್ಲಿ ಹಳ್ಳ ತುಂಬಿ ಕಾಲುಸಂಕದ ಮೇಲೆ ನೀರು ಹರಿಯುತ್ತಿದ್ದರೆ ಮೀಟರ್ ರೀಡರ್ ಆ ದಡದಲ್ಲೇ ನಿಲ್ಲಬೇಕಾಗುತ್ತದೆ. ಸರಾಸರಿ ಬಿಲ್ ಕೊಡುವುದು ಅಂತಹ ಸಂದರ್ಭಕ್ಕೆಂದೇ ಇರುವ ವ್ಯವಸ್ಥೆ. ತೊಂದರೆ ಬರುವುದು ಮುಂದಿನ ತಿಂಗಳು ಮೀಟರ್ ಓದಿದಾಗ. ಜೂನ್ 5ರಂದು 4318 ಇದ್ದ ಮೀಟರ್ ಆಗಸ್ಟ್ 5ರಂದು 4532 ತೋರಿಸುತ್ತದೆ. ನಡುವಿನ 214 ಯೂನಿಟ್ ಎರಡು ತಿಂಗಳದು. ಜುಲೈ ಬಿಲ್ಲಿನಲ್ಲಿ ಆಗಲೇ ಲೆಕ್ಕಕ್ಕೆ ಬಂದಿರುವ 105 ಯೂನಿಟ್ಟನ್ನು ಅದರಿಂದ ಕಳೆದರೆ ಆಗಸ್ಟ್‌ಗೆ ಉಳಿಯುವುದು 109. ಎರಡು ತಿಂಗಳಿಗೆ ಸಮನಾಗಿ ಹಂಚಿದರೂ ತಿಂಗಳಿಗೆ 107. ಯಾವ ರೀತಿ ನೋಡಿದರೂ 110ರ ಅರ್ಹತೆಯೊಳಗೇ ಇದೆ, ಬಿಲ್ ಸೊನ್ನೆ ಬರಬೇಕಾಗಿತ್ತು. ಆ ಹೊಂದಾಣಿಕೆ ಆಗದೆ ಇಡೀ 214 ಒಂದೇ ತಿಂಗಳ ಹೆಸರಿಗೆ ಬಿದ್ದು, 200ರ ಗಡಿ ದಾಟಿ, ಯೋಜನೆಯ ಲಾಭ ತಪ್ಪಿ, 1865 ರೂಪಾಯಿ ಬಂದಿದೆ. ಹಂತಗಳಿದ್ದ ಕಾಲದಲ್ಲೂ ಇದೇ ಕೂಡಿಕೆಯಿಂದ ಜನ ಮೇಲಿನ ಹಂತಕ್ಕೆ ಹೋಗಿಬಿಡುತ್ತಿದ್ದರು. ಹಂತಗಳು ಹೋದ ಮೇಲೆ ಪೆಟ್ಟು ಬೀಳುವ ಜಾಗ ಮಾತ್ರ ಬದಲಾಗಿದೆ.

ಆದರೆ ಇದೇ ಕಾರಣವೆಂದು ತೀರ್ಮಾನಿಸುವ ಮೊದಲು ಇನ್ನೊಂದು ಸಾಧ್ಯತೆಯನ್ನು ತಳ್ಳಿಹಾಕಬೇಕು. ಮೀಟರ್ ಓದಿದವರು ಅಂಕಿಯನ್ನೇ ತಪ್ಪಾಗಿ ನಮೂದಿಸಿರಬಹುದು. ಇದನ್ನು ತಿಳಿಯಲು ಮೀಟರ್ ಮುಂದೆ ನಿಂತರೆ ಆಯಿತು. ಈಗಿನ ಎಲೆಕ್ಟ್ರಾನಿಕ್ ಮೀಟರಿನ ಪರದೆಯಲ್ಲಿ ದಿನಾಂಕ, ವೋಲ್ಟೇಜ್, ಗರಿಷ್ಠ ಬೇಡಿಕೆ ಹೀಗೆ ಬೇರೆ ಬೇರೆ ಅಂಕಿಗಳು ಒಂದಾದ ಮೇಲೊಂದು ಬಂದು ಹೋಗುತ್ತವೆ. ಪಕ್ಕದಲ್ಲಿ kWh ಎಂದು ಕಾಣಿಸುವಾಗ ಬರುವ ಅಂಕಿ ಮಾತ್ರ ನಮಗೆ ಬೇಕಾದ ರೀಡಿಂಗ್. ಮನೆಯವರು ಕಳುಹಿಸುವ ಮೀಟರ್ ಫೋಟೋಗಳಲ್ಲಿ ಅನೇಕ ಸಲ ಸಿಗುವುದು ಗರಿಷ್ಠ ಬೇಡಿಕೆಯ ಅಂಕಿ. ಅದಕ್ಕೂ ಬಿಲ್ಲಿನ ರೀಡಿಂಗ್‌ಗೂ ತಾಳೆಯಾಗದೆ ಮೀಟರೇ ಕೆಟ್ಟಿದೆ ಎಂಬ ಮಾತು ಶುರುವಾಗುತ್ತದೆ. ತಾಳ್ಮೆಯಿಂದ kWh ಬರುವವರೆಗೆ ಕಾದು, ಮೀಟರಿನ ಸಂಖ್ಯೆಯೂ ಕಾಣುವಂತೆ ಫೋಟೋ ತೆಗೆಯಬೇಕು.

ಜೂನ್ 5ರಿಂದ ಆಗಸ್ಟ್ 5ರವರೆಗೆ 61 ದಿನ. 214 ಯೂನಿಟ್ಟನ್ನು 61ರಿಂದ ಭಾಗಿಸಿದರೆ ದಿನಕ್ಕೆ ಸುಮಾರು ಮೂರೂವರೆ ಯೂನಿಟ್. ಆಗಸ್ಟ್ 10ರಂದು ಮೀಟರ್ ನೋಡಿದರೆ ಅದು 4549 ಅಥವಾ 4550ರ ಹತ್ತಿರ ಇರಬೇಕು. ಹಾಗಿದ್ದರೆ ಬಿಲ್ಲಿನ ರೀಡಿಂಗ್ ಸರಿ, ಹಂಚಿಕೆ ಮಾತ್ರ ತಪ್ಪು. ಆ ದಿನ ಮೀಟರಿನಲ್ಲಿ 4532ಕ್ಕಿಂತ ಕಡಿಮೆ ಕಂಡರೆ ರೀಡಿಂಗನ್ನೇ ತಪ್ಪಾಗಿ ಹಾಕಿದ್ದಾರೆ, ಏಕೆಂದರೆ ಮೀಟರ್ ಹಿಂದಕ್ಕೆ ಓಡುವುದಿಲ್ಲ. ಐದೇ ದಿನಕ್ಕೆ ನಲವತ್ತೋ ಐವತ್ತೋ ಯೂನಿಟ್ ಮುಂದೆ ಹೋಗಿದ್ದರೆ ಆಗ ಬಳಕೆಯೇ ಹೆಚ್ಚಾಗಿದೆ, ಇಲ್ಲವೆ ವೈರಿಂಗ್‌ನಲ್ಲಿ ಎಲ್ಲೋ ಸೋರಿಕೆಯಿದೆ. ಮುಖ್ಯ ಸ್ವಿಚ್ ಚಾಲೂ ಇಟ್ಟು, ಮನೆಯ ಎಲ್ಲ ಉಪಕರಣಗಳನ್ನೂ ಪ್ಲಗ್‌ನಿಂದ ತೆಗೆದು, ದೀಪಗಳನ್ನು ಆರಿಸಿದ ಮೇಲೂ ಮೀಟರಿನ ಕೆಂಪು ದೀಪ ಬಿಡದೆ ಮಿಣುಕುತ್ತಿದ್ದರೆ ಕರೆಂಟ್ ಎಲ್ಲಿಗೋ ಹೋಗುತ್ತಿದೆ ಎಂದರ್ಥ. ಒದ್ದೆ ಗೋಡೆಯ ಹಳೆಯ ಮನೆಗಳಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳದೆ ಎಲೆಕ್ಟ್ರಿಷಿಯನ್‌ರನ್ನು ಕರೆಸಬೇಕು. ಈ ಮೂರು ಸಂದರ್ಭಗಳಿಗೂ ಪರಿಹಾರ ಬೇರೆ ಬೇರೆಯಾಗಿರುವುದರಿಂದ ಕಚೇರಿಗೆ ಹೋಗುವ ಮುನ್ನವೇ ಈ ಪರೀಕ್ಷೆ ಮುಗಿದಿರಬೇಕು.

ನಮ್ಮ ಉದಾಹರಣೆಯಲ್ಲಿ ಆಗಸ್ಟ್ 10ರಂದು 4549 ಕಂಡಿತು ಎಂದುಕೊಳ್ಳೋಣ. ಉಪವಿಭಾಗದ ಕಚೇರಿಯಲ್ಲಿ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್ ಅವರ ಹೆಸರಿಗೆ ಅರ್ಧ ಪುಟದ ಅರ್ಜಿ ಸಾಕು. ಆರ್.ಆರ್. ನಂಬರ್ ಬರೆದು, ಜೂನ್ 5ರ ರೀಡಿಂಗ್ 4318, ಜುಲೈಯಲ್ಲಿ ಬಾಗಿಲು ಹಾಕಿದೆಯೆಂದು ಸರಾಸರಿ 105 ಯೂನಿಟ್ ಬಿಲ್, ಆಗಸ್ಟ್‌ನಲ್ಲಿ ಎರಡೂ ತಿಂಗಳು ಸೇರಿ 214 ಯೂನಿಟ್, ಆದ್ದರಿಂದ ಬಳಕೆಯನ್ನು ಎರಡು ತಿಂಗಳಿಗೆ ಹಂಚಿ ಬಿಲ್ ಪರಿಷ್ಕರಿಸಿ ಕೊಡಬೇಕು ಎಂದು ಕೇಳಬೇಕು. ‘ಬಿಲ್ ಜಾಸ್ತಿ ಬಂದಿದೆ’ ಎಂದಷ್ಟೇ ಬರೆದರೆ ಮೀಟರ್ ಪರೀಕ್ಷೆಗೆ ಹಣ ಕಟ್ಟಿ ಎಂಬ ಉತ್ತರ ಬರಬಹುದು. ಇಲ್ಲಿ ಮೀಟರ್ ಸರಿಯಾಗಿಯೇ ಇದೆ. ಎರಡೂ ಬಿಲ್ಲುಗಳ ಫೋಟೋ ಪ್ರತಿ, ಮೀಟರಿನ ಫೋಟೋ ಪ್ರತಿ ಲಗತ್ತಿಸಿ, ನಮ್ಮ ಪ್ರತಿಯ ಮೇಲೆ ದಿನಾಂಕದೊಡನೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು. ಹೋಗಲಾಗದವರು 1912ಕ್ಕೆ ಕರೆ ಮಾಡಿ ದೂರು ಸಂಖ್ಯೆ ಪಡೆದಿಟ್ಟುಕೊಳ್ಳಬಹುದು, ಆದರೂ ಲಿಖಿತ ಅರ್ಜಿಗಿರುವ ಬಲ ಬೇರೆ. ಅಲ್ಲಿ ಪರಿಹಾರ ಸಿಗದಿದ್ದರೆ ಜಿಲ್ಲೆಯ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ಹೋಗಬಹುದು. ಅಲ್ಲಿಯೂ ಮೊದಲು ಕೇಳುವುದು ಈ ಮೊಹರಿನ ಪ್ರತಿಯನ್ನೇ.

ಅಷ್ಟರಲ್ಲಿ ಗಡುವು ಮುಗಿದರೆ ಏನು ಗತಿ ಎಂಬ ಭಯ ಸಹಜ. ಬಿಲ್ ಬಂದ ದಿನದಿಂದ ಹಣ ಕಟ್ಟಲು 15 ದಿನ, ಅಂದರೆ ನಮ್ಮ ಬಿಲ್ಲಿಗೆ ಆಗಸ್ಟ್ 20 ಕೊನೆಯ ದಿನ. ಅದರ ನಂತರ ತಿಂಗಳಿಗೆ ಶೇಕಡಾ 1ರಂತೆ, ತಡವಾದ ದಿನಗಳಿಗೆ ಲೆಕ್ಕ ಹಾಕಿ ಬಡ್ಡಿ ಸೇರುತ್ತದೆ. 1865 ರೂಪಾಯಿಯನ್ನು ಸೆಪ್ಟೆಂಬರ್ 9ರಂದು, ಅಂದರೆ 20 ದಿನ ತಡವಾಗಿ ಕಟ್ಟಿದರೆ ಬಡ್ಡಿ ಸುಮಾರು 12 ರೂಪಾಯಿ 43 ಪೈಸೆ. ಮೊತ್ತ ಚಿಕ್ಕದು. ಹಾಗಾಗಿ ಮುಂದಿನ ಬಿಲ್ ನೂರಾರು ರೂಪಾಯಿ ಹೆಚ್ಚಾಗಿ ಬಂದಾಗ ಅದಕ್ಕೆಲ್ಲ ದಂಡವೇ ಕಾರಣವೆಂದು ಹೇಳಿದರೆ ನಂಬಬೇಡಿ. ಬಾಕಿಯ ಸಾಲಿನಲ್ಲಿ ಏನಿದೆಯೆಂದು ನೋಡಿ. ನಿಜವಾಗಿ ಎಚ್ಚರ ವಹಿಸಬೇಕಾದುದು ಸಂಪರ್ಕ ಕಡಿತದ ಬಗ್ಗೆ. ಹಣ ಕಟ್ಟದ ಕಾರಣಕ್ಕೆ ಕರೆಂಟ್ ತೆಗೆಯಬೇಕಾದರೆ 2003ರ ವಿದ್ಯುಚ್ಛಕ್ತಿ ಕಾಯ್ದೆಯ 56ನೇ ಕಲಮಿನಂತೆ ಪೂರ್ತಿ 15 ದಿನಗಳ ಲಿಖಿತ ನೋಟಿಸ್ ಕೊಡಬೇಕು. ಬಿಲ್ಲಿನ ಬಗ್ಗೆ ತಕರಾರು ಇರುವವರಿಗೆ ಅದೇ ಕಲಮು ದಾರಿಯೊಂದನ್ನು ಕೊಟ್ಟಿದೆ: ಬಿಲ್ಲಿನ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿ ಶುಲ್ಕದಂತೆ ಆಗುವ ಮೊತ್ತ, ಇವೆರಡರಲ್ಲಿ ಕಡಿಮೆ ಇರುವುದನ್ನು ಆಕ್ಷೇಪಣೆಯೊಂದಿಗೆ ಪಾವತಿಸಿದರೆ, ವಿವಾದ ತೀರುವವರೆಗೆ ಸಂಪರ್ಕ ಕಡಿಯುವಂತಿಲ್ಲ. ಆಕ್ಷೇಪಣೆಯೊಂದಿಗೆ ಪಾವತಿ ಎಂಬುದನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಸುಮ್ಮನೆ ಆನ್‌ಲೈನ್‌ನಲ್ಲಿ ಒಂದಿಷ್ಟು ಕಟ್ಟಿದರೆ ಅದು ಭಾಗಶಃ ಪಾವತಿಯೆಂದು ದಾಖಲಾಗಿ, ಉಳಿದದ್ದು ಬಾಕಿಯಾಗಿ ಬಡ್ಡಿಯೊಂದಿಗೆ ಮುಂದುವರಿಯುತ್ತದೆ.

ಊರಿನ ಮನೆಯ ಬಿಲ್ಲನ್ನು ದೂರದಿಂದ ನೋಡಿಕೊಳ್ಳುವ ಮಕ್ಕಳಿಗೆ ಇಲ್ಲಿ ಒಂದು ಮಾತು. ಫೋನಿನಲ್ಲಿ ಒಂದು ನಿಮಿಷದಲ್ಲಿ ಮುಗಿಯುತ್ತದೆಂದು 1865 ರೂಪಾಯಿಯನ್ನು ಕಟ್ಟಿಬಿಡಬಹುದು, ಅನೇಕರು ಹಾಗೆಯೇ ಮಾಡುತ್ತಾರೆ. ಕಟ್ಟಿದ ಮೇಲೂ ಪರಿಷ್ಕರಣೆ ಕೇಳುವ ಹಕ್ಕು ಹೋಗುವುದಿಲ್ಲ. ಹೆಚ್ಚಾಗಿ ಕಟ್ಟಿದ ಹಣ ಮುಂದಿನ ಬಿಲ್ಲುಗಳಲ್ಲಿ ಜಮೆಯಾಗಬೇಕು. ಆದರೆ ಬಿಲ್ ಸೊನ್ನೆಯೇ ಬರುವ ಮನೆಯಲ್ಲಿ ಆ ಜಮೆ ಯಾವ ಖರ್ಚಿಗೂ ವಜಾ ಆಗದೆ ಖಾತೆಯಲ್ಲಿ ಉಳಿದುಬಿಡುತ್ತದೆ. ಆದ್ದರಿಂದ ಗಡುವಿಗೆ ದಿನಗಳು ಉಳಿದಿದ್ದರೆ ಮೊದಲು ಅರ್ಜಿ, ಆಮೇಲೆ ಹಣ ಎಂಬ ಕ್ರಮವೇ ಮೇಲು.

ಪರಿಷ್ಕೃತ ಬಿಲ್ ಬಂದ ಮೇಲೆ ಸೆಪ್ಟೆಂಬರ್ ತಿಂಗಳ ಚೀಟಿಯಲ್ಲಿ ನೋಡಬೇಕಾದ ಜಾಗಗಳು ಮೂರು. ಹಿಂದಿನ ರೀಡಿಂಗ್ 4532 ಎಂದೇ ಇರಬೇಕು. ಮತ್ತೆ 4318 ಎಂದು ಬಂದಿದ್ದರೆ ಅದೇ ಯೂನಿಟ್‌ಗಳು ಮತ್ತೊಮ್ಮೆ ಲೆಕ್ಕಕ್ಕೆ ಬಂದಿವೆ. ಬಾಕಿಯ ಸಾಲಿನಲ್ಲಿ ಹಳೆಯ 1865 ಇರಬಾರದು. ಆ ಮೊತ್ತವೇ ರದ್ದಾದ ಮೇಲೆ ಅದರ ಮೇಲಿನ ಬಡ್ಡಿಯೂ ಉಳಿಯಕೂಡದು. ಬಡ್ಡಿಯ ಸಾಲಿನಲ್ಲಿ ಹನ್ನೆರಡೋ ಹದಿಮೂರೋ ರೂಪಾಯಿ ಉಳಿದಿದ್ದರೆ, ಚಿಕ್ಕ ಮೊತ್ತವೆಂದು ಬಿಡದೆ, ಅದೇ ಸ್ವೀಕೃತಿಯ ಪ್ರತಿಯನ್ನು ತೋರಿಸಿ ಅದನ್ನೂ ತೆಗೆಸಬೇಕು.